ಪಾಪುವಿನ ಮುಂದಿನ ಸೂಜಿ ಯಾವಾಗ?

ಕಳೆದ ಅಕ್ಟೋಬರ್ ಮೊದಲ ವಾರ ನನ್ನ ದೊಡ್ಡಪ್ಪನ ಫೋನಿಗೆ ಒಂದು ಸಂದೇಶ ಬಂತು. ಇಂಗ್ಲಿಷಿನಲ್ಲಿತ್ತು. ಹಾಸನದ ಹತ್ತಿರದ ಹಳ್ಳಿಯಲ್ಲಿರುವ ದೊಡ್ಡಪ್ಪ ಅದನ್ನು ಬ್ಯಾಂಕಿನದೋ ಸಾಲದ ಕಂಪನಿಯದೋ ಇರಬೇಕೆಂದು ಹಾಗೇ ಬಿಟ್ಟರು. ಅದು ಮಕ್ಕಳ ಕ್ಲಿನಿಕ್ಕಿನಿಂದ ಬಂದದ್ದು. ಮೊಮ್ಮಗಳಿಗೆ ಒಂಬತ್ತು ತಿಂಗಳು ತುಂಬುತ್ತಿದೆ, ಲಸಿಕೆಗೆ ಕರೆದುಕೊಂಡು ಬನ್ನಿ ಎಂದು ಅದರಲ್ಲಿತ್ತು. ಆದರೆ ಮಗು ಹಳ್ಳಿ ಬಿಟ್ಟು ಆಗಲೇ ನಾಲ್ಕು ತಿಂಗಳಾಗಿತ್ತು. ಐದು ತಿಂಗಳ ಬಾಣಂತನ ಮುಗಿಸಿಕೊಂಡು ನಮ್ಮಕ್ಕ ಜೂನ್‌ನಲ್ಲೇ ಮೈಸೂರಿಗೆ, ಗಂಡನ ಮನೆಗೆ ಹೋಗಿದ್ದಳು. ಅಲ್ಲಿ ಯಾರಿಗೂ ಯಾವ ಸಂದೇಶವೂ ಬರಲಿಲ್ಲ. ದಡಾರದ ಲಸಿಕೆ ಎರಡು ತಿಂಗಳು ತಡವಾಯಿತು.

ಇಲ್ಲಿ ಅಸಡ್ಡೆ ಮಾಡಿದವರು ಯಾರೂ ಇಲ್ಲ. ಕ್ಲಿನಿಕ್ಕಿನವರು ನೆನಪಿಟ್ಟು ಕಳಿಸಿದ್ದರು, ದೊಡ್ಡಪ್ಪನ ಫೋನು ಸರಿಯಾಗೇ ಇತ್ತು, ಅಕ್ಕನ ಹತ್ತಿರ ಲಸಿಕೆ ಕಾರ್ಡೂ ಇತ್ತು. ಆದರೂ ಮಾತು ತಲುಪಬೇಕಾದವರಿಗೆ ತಲುಪಲಿಲ್ಲ. ಒಂದು ಸಣ್ಣ ಸಂದೇಶ ಸರಿಯಾದ ದಿನ, ಸರಿಯಾದ ಕೈಗೆ, ಸರಿಯಾದ ಮಾತಿನಲ್ಲಿ ಸೇರಬೇಕಾದರೆ ಹಿಂದೆ ಎಷ್ಟು ಕೆಲಸ ಇರುತ್ತದೆ ಎಂದು ನಾನು ವಿಚಾರಿಸಲು ಹೊರಟದ್ದು ಆಮೇಲೆ. ಇದೇ ಮಗುವಿನ ಕಾರ್ಡನ್ನು ಮುಂದಿಟ್ಟುಕೊಂಡು ಹೇಳಿದರೆ ಸುಲಭವಾಗಿ ಅರ್ಥವಾಗುತ್ತದೆ.

ಮಗು ಹುಟ್ಟಿದ್ದು 2025ರ ಜನವರಿ 8, ಬುಧವಾರ. ಹುಟ್ಟಿದ ಕೂಡಲೇ ಕೊಡುವ ಬಿಸಿಜಿ, ಪೋಲಿಯೊ ಹನಿ ಮತ್ತು ಹೆಪಟೈಟಿಸ್ ಬಿ ಲಸಿಕೆ ಆಸ್ಪತ್ರೆಯಲ್ಲೇ ಆಗಿದ್ದವು. ಮುಂದಿನವು ಆರು, ಹತ್ತು ಮತ್ತು ಹದಿನಾಲ್ಕು ವಾರಕ್ಕೆ. ಈ ಮೂರೂ ಸಲ ಮುಖ್ಯವಾಗಿ ಕೊಡುವುದು ಪೆಂಟಾವೇಲೆಂಟ್. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ, ಮೆದುಳು ಜ್ವರ, ಈ ಐದಕ್ಕೂ ಸೇರಿ ಒಂದೇ ಸೂಜಿ. ಜೊತೆಗೆ ಪೋಲಿಯೊ, ರೋಟಾ ಮುಂತಾದವು ಇರುತ್ತವೆ. ಜನವರಿ 8ಕ್ಕೆ 42 ದಿನ ಕೂಡಿಸಿದರೆ ಫೆಬ್ರವರಿ 19, 70 ದಿನಕ್ಕೆ ಮಾರ್ಚ್ 19, 98 ದಿನಕ್ಕೆ ಏಪ್ರಿಲ್ 16. ವಾರದ ಲೆಕ್ಕವಾದ್ದರಿಂದ ಮಗು ಹುಟ್ಟಿದ ಬುಧವಾರವೇ ಮತ್ತೆ ಮತ್ತೆ ಬರುತ್ತದೆ. ಅಮ್ಮಂದಿರಿಗೆ ಇದೊಂದು ಅನುಕೂಲ.

ಫೆಬ್ರವರಿ 19ರದ್ದು ಸಲೀಸಾಗಿ ಆಯಿತು. ಅವತ್ತು ರಾತ್ರಿ ಮಗುವಿಗೆ ಸ್ವಲ್ಪ ಜ್ವರ ಬಂದು, ತೊಡೆ ಊದಿಕೊಂಡು, ಮನೆಯವರೆಲ್ಲ ಎದ್ದು ಕೂತಿದ್ದರು. ಮಾರ್ಚ್ 19 ಬರುವ ಹೊತ್ತಿಗೆ ಮಗುವಿಗೆ ನೆಗಡಿ. “ಮೂಗು ಸೋರ್ತಿರೋ ಮಗೂಗೆ ಸೂಜಿ ಹಾಕ್ಸೋದು ಬೇಡ” ಎಂದರು ದೊಡ್ಡಮ್ಮ. ಮುಂದಿನ ವಾರ ನೋಡೋಣ ಅಂದುಕೊಂಡರು. ಅಷ್ಟರಲ್ಲಿ ಯುಗಾದಿ ಬಂತು, ಮನೆ ತುಂಬ ನೆಂಟರು. ಕೊನೆಗೆ ಎರಡನೆಯ ಡೋಸ್ ಹಾಕಿಸಿದ್ದು ಏಪ್ರಿಲ್ 9ಕ್ಕೆ, ಮೂರು ವಾರ ತಡವಾಗಿ.

ಸಾಧಾರಣ ನೆಗಡಿಗೆ ಲಸಿಕೆ ಮುಂದೂಡಬೇಕಾಗಿಲ್ಲ. ಮಗು ತೀರಾ ಸುಸ್ತಾಗಿದ್ದರೆ, ಜೋರು ಜ್ವರವಿದ್ದರೆ ಮಾತ್ರ ವೈದ್ಯರು ನೋಡಿ ನಿರ್ಧರಿಸುತ್ತಾರೆ. ಮುಂಚಿತವಾಗಿ ಬರುವ ಸಂದೇಶದಲ್ಲಿ “ನೆಗಡಿ ಇದ್ದರೂ ಬನ್ನಿ, ಡಾಕ್ಟರು ನೋಡುತ್ತಾರೆ” ಎಂಬ ಒಂದು ಮಾತಿದ್ದಿದ್ದರೆ ದೊಡ್ಡಮ್ಮ ಬಹುಶಃ ಹೊರಟುಬಿಡುತ್ತಿದ್ದರು. ನನ್ನ ಮಟ್ಟಿಗೆ ತಾರೀಖಿನ ನಂತರ ಸಂದೇಶದಲ್ಲಿ ಇರಲೇಬೇಕಾದ ಮಾತು ಇದು.

ಇಲ್ಲಿಂದ ಮುಂದೆ ನಡೆದದ್ದು ಲೆಕ್ಕದ ತಪ್ಪು. ಎರಡನೆಯ ಡೋಸ್ ಆದ ಮೂರು ನಾಲ್ಕು ದಿನಕ್ಕೇ ಕ್ಲಿನಿಕ್ಕಿನಿಂದ ಇನ್ನೊಂದು ಸಂದೇಶ ಬಂತು: ಏಪ್ರಿಲ್ 16ಕ್ಕೆ ಮೂರನೆಯ ಡೋಸ್. ಅಕ್ಕ ಇಂಗ್ಲಿಷ್ ಓದಬಲ್ಲವಳು, ಓದಿ ಹೇಳಿದಳು. ಒಂದು ಸಲ ತಡಮಾಡಿದ್ದಕ್ಕೆ ಮನಸ್ಸಿನಲ್ಲಿ ಅಳುಕಿತ್ತಲ್ಲ, ಈ ಸಲ ಹಾಗಾಗಬಾರದೆಂದು ಬಿಸಿಲಿನಲ್ಲಿ ಎರಡು ಬಸ್ಸು ಬದಲಿಸಿ ದೊಡ್ಡಮ್ಮ ಮತ್ತು ಅಕ್ಕ ಮಗುವನ್ನು ಹೊತ್ತುಕೊಂಡು ಹೋದರು. ಅಲ್ಲಿನ ನರ್ಸ್ ಕಾರ್ಡ್ ನೋಡಿ, “ಏಳೇ ದಿನ ಆಗಿದೆಯಲ್ಲಮ್ಮ, ಈಗ ಕೊಡೋಕಾಗಲ್ಲ” ಎಂದು ವಾಪಸ್ ಕಳಿಸಿದರು. ನರ್ಸ್ ಹೇಳಿದ್ದು ಸರಿ. ತಪ್ಪಿದ್ದು ಸಂದೇಶ. ಕಂಪ್ಯೂಟರು ಹುಟ್ಟಿದ ದಿನವೊಂದನ್ನೇ ಹಿಡಿದುಕೊಂಡು 98 ದಿನ ಎಣಿಸಿತ್ತು. ಎರಡನೆಯ ಡೋಸ್ ಯಾವತ್ತು ಬಿತ್ತು ಎಂದು ನೋಡಿರಲಿಲ್ಲ.

ಪೆಂಟಾವೇಲೆಂಟಿನ ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ವಾರ, ಅಂದರೆ 28 ದಿನ ಇರಲೇಬೇಕು. ಮೊದಲ ಸಲ ಲಸಿಕೆ ಬಿದ್ದಾಗ ದೇಹ ಅದನ್ನು ಗುರುತಿಸಿ, ಎದುರಿಸಲು ಕಲಿತು, ಆ ಕಲಿಕೆಯನ್ನು ನೆನಪಾಗಿ ಉಳಿಸಿಕೊಳ್ಳಲು ಅಷ್ಟು ಕಾಲ ಬೇಕು. ಅದಕ್ಕೆ ಮೊದಲೇ ಮುಂದಿನ ಡೋಸ್ ಕೊಟ್ಟರೆ ಪರಿಣಾಮ ಕುಂದುತ್ತದೆ. ಹಾಗಾಗಿ ಸರಿಯಾದ ತಾರೀಖು ಕಂಡುಹಿಡಿಯಲು ಎರಡು ಲೆಕ್ಕ ಮಾಡಬೇಕು. ಒಂದು, ಹುಟ್ಟಿದ ದಿನದಿಂದ 98 ದಿನ: ಏಪ್ರಿಲ್ 16. ಇನ್ನೊಂದು, ಹಿಂದಿನ ಡೋಸ್‌ನಿಂದ 28 ದಿನ: ಏಪ್ರಿಲ್ 9ಕ್ಕೆ 28 ಕೂಡಿಸಿದರೆ ಮೇ 7. ಇವೆರಡರಲ್ಲಿ ಯಾವುದು ತಡವಾಗಿ ಬರುತ್ತದೋ ಅದೇ ಮುಂದಿನ ಡೋಸ್‌ನ ದಿನ. ಮೇ 7ಕ್ಕೆ ಅವರು ಮತ್ತೆ ಹೋದರು, ಲಸಿಕೆ ಆಯಿತು. ಆದರೆ “ಬನ್ನಿ ಅಂದವರೂ ಅವರೇ, ಹೋಗಿ ಅಂದವರೂ ಅವರೇ” ಎಂಬ ದೊಡ್ಡಮ್ಮನ ಬೇಸರ ಹೋಗಲಿಲ್ಲ. ಆಮೇಲೆ ಆ ಕ್ಲಿನಿಕ್ಕಿನ ಸಂದೇಶಕ್ಕೆ ಆ ಮನೆಯಲ್ಲಿ ಬೆಲೆ ಉಳಿಯಲಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಕನಿಷ್ಠ ಅಂತರ ಎನ್ನುವುದು ಇದೆ, ಆದರೆ ಇಷ್ಟು ದಿನಕ್ಕಿಂತ ಹೆಚ್ಚು ಬಿಟ್ಟರೆ ಹಿಂದಿನದು ಲೆಕ್ಕಕ್ಕಿಲ್ಲ ಎನ್ನುವ ನಿಯಮ ಇಲ್ಲ. ಮೂರು ವಾರ ತಡವಾಗಲಿ, ಮೂರು ತಿಂಗಳು ತಡವಾಗಲಿ, ಮೊದಲ ಡೋಸ್ ವ್ಯರ್ಥವಾಗುವುದಿಲ್ಲ. ನಿಂತ ಕಡೆಯಿಂದ ಮುಂದುವರಿಸಿದರೆ ಸಾಕು. ಹಾಗೆಂದು ತಡಮಾಡಿದರೆ ಏನೂ ಆಗುವುದಿಲ್ಲ ಎಂದಲ್ಲ. ನಾಯಿಕೆಮ್ಮು ಹೆಚ್ಚು ಅಪಾಯ ತರುವುದು ಮೊದಲ ಕೆಲವು ತಿಂಗಳ ಕೂಸುಗಳಿಗೆ. ಆ ತಿಂಗಳುಗಳಲ್ಲಿ ಡೋಸ್ ಬಾಕಿ ಇದ್ದರೆ ಮಗುವಿಗೆ ಅಷ್ಟು ದಿನ ರಕ್ಷಣೆ ಕಡಿಮೆ.

ಬಾಗಿಲು ಮುಚ್ಚಿಹೋಗುವುದು ರೋಟಾ ವೈರಸ್ ಲಸಿಕೆಯಂಥ ಕೆಲವಕ್ಕೆ. ಕೂಸುಗಳ ಭೇದಿಗೆ ತಡೆಯಾಗಿ ಬಾಯಿಗೆ ಹಾಕುವ ಈ ಹನಿಯ ಮೊದಲ ಡೋಸ್‌ಗೆ ವಯಸ್ಸಿನ ಮಿತಿ ಇದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಒಂದು ವರ್ಷದವರೆಗೆ ಶುರುಮಾಡಬಹುದು. ಖಾಸಗಿ ವೈದ್ಯರು ಹೆಚ್ಚಾಗಿ ಅನುಸರಿಸುವ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಪಟ್ಟಿಯಂತೆ 15 ವಾರ ತುಂಬುವುದರೊಳಗೆ ಶುರುಮಾಡಬೇಕು. ಹೀಗಾಗಿ ಆರು ವಾರಕ್ಕೆ ಬಾರದ ಮಗುವಿಗೆ ಎರಡನೆಯ ಸಂದೇಶದ ತನಕ ಕಾಯದೆ ಫೋನ್ ಮಾಡುವುದೇ ಸರಿ.

ಒಂಬತ್ತು ತಿಂಗಳ ಲೆಕ್ಕದಲ್ಲಿ ಬೇರೊಂದು ಎಡವಟ್ಟು ಆಗುವುದುಂಟು. ತಿಂಗಳಿಗೆ ನಾಲ್ಕು ವಾರ ಎಂದು ಹಿಡಿದು, ಒಂಬತ್ತು ತಿಂಗಳೆಂದರೆ 36 ವಾರ, 252 ದಿನ ಎಂದು ಎಣಿಸಿಬಿಡುತ್ತಾರೆ. ನಮ್ಮ ಮಗುವಿಗೆ ಹಾಗೆ ಎಣಿಸಿದ್ದರೆ ಸೆಪ್ಟೆಂಬರ್ 17 ಬರುತ್ತಿತ್ತು. ಕ್ಯಾಲೆಂಡರಿನ ಪ್ರಕಾರ ಒಂಬತ್ತು ತಿಂಗಳು ತುಂಬುವುದು ಅಕ್ಟೋಬರ್ 8ಕ್ಕೆ. ಮೂರು ವಾರದ ವ್ಯತ್ಯಾಸ. ದಡಾರದ ಲಸಿಕೆಗೆ ಇದು ಸಣ್ಣದಲ್ಲ. ತಾಯಿಯ ರಕ್ತದಿಂದ ಬಂದ ರೋಗನಿರೋಧಕ ಅಂಶ ಮಗುವಿನ ಮೈಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅದು ಇರುವಷ್ಟು ಕಾಲ ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ವೈರಸ್ಸನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಆ ರಕ್ಷಣೆ ಇಳಿದ ಮೇಲೆ ಲಸಿಕೆ ಹಿಡಿಯಲಿ ಎಂದೇ ಒಂಬತ್ತು ತಿಂಗಳು ತುಂಬಲು ಕಾಯುವುದು. ಅದಕ್ಕೇ ವಾರದ್ದನ್ನು ದಿನಗಳಲ್ಲಿ ಎಣಿಸಬೇಕು, ತಿಂಗಳಿನದ್ದನ್ನು ತಾರೀಖಿನಿಂದ ತಾರೀಖಿಗೆ ಎಣಿಸಬೇಕು.

ಡಿಸೆಂಬರಿನಲ್ಲಿ ಅಕ್ಕ ಮಗುವನ್ನು ಮೈಸೂರಿನ ಒಂದು ಚಿಕ್ಕ ಮಕ್ಕಳ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಆಮೇಲೆ ಎರಡು ಮೂರು ಸಲ ಅನುಮತಿ ಕೇಳಿ ಅಲ್ಲಿ ಕೂತು ನೋಡಿದೆ. ರಿಸೆಪ್ಷನ್ ಮೇಜಿನ ಹಿಂದಿನ ಗೋಡೆಗೆ ಬಟ್ಟೆಯ ಒಂದು ಉದ್ದನೆಯ ಚೀಲ ತೂಗುಹಾಕಿದ್ದಾರೆ. ಅದಕ್ಕೆ ಹನ್ನೆರಡು ಜೇಬು, ಒಂದೊಂದು ತಿಂಗಳಿಗೆ ಒಂದು. ಕೆಳಗೆ ಇನ್ನೆರಡು ಬೇರೆ ಜೇಬು. ಆರೋಗ್ಯ ಉಪಕೇಂದ್ರಗಳಲ್ಲಿ ನರ್ಸಮ್ಮಂದಿರು ಲಸಿಕೆ ಕಾರ್ಡಿನ ಅರ್ಧ ತುಂಡನ್ನು ಇಟ್ಟುಕೊಳ್ಳುವ ಚೀಲ ಇದೇ. ಮಗು ಇವತ್ತು ಬಂದು ಹೋದರೆ ಅದರ ಚೀಟಿಯನ್ನು ಮುಂದೆ ಬರಬೇಕಾದ ತಿಂಗಳಿನ ಜೇಬಿಗೆ ಹಾಕುತ್ತಾರೆ. ತಿಂಗಳು ಮುಗಿದಾಗ ಆ ತಿಂಗಳಿನ ಜೇಬಿನಲ್ಲಿ ಉಳಿದ ಚೀಟಿಗಳೇ ಬಾರದ ಮಕ್ಕಳು. ಯಾರು ಬರಲಿಲ್ಲ ಎಂದು ಹುಡುಕಬೇಕಾಗಿಲ್ಲ, ಕೈ ಹಾಕಿದರೆ ಸಿಗುತ್ತಾರೆ. ಕಂಪ್ಯೂಟರೂ ಇದೆ, ಸಂದೇಶ ಅದರಿಂದಲೇ ಹೋಗುತ್ತದೆ. ಆದರೂ ಕರೆಂಟ್ ಹೋದಾಗಲೂ ಸುಳ್ಳು ಹೇಳದ್ದು ಈ ಚೀಲ ಎಂದು ಅಲ್ಲಿನ ಹಿರಿಯ ನರ್ಸ್ ಅದನ್ನು ತೆಗೆಯಲು ಬಿಟ್ಟಿಲ್ಲ.

ಅವರ ಕ್ರಮ ಹೀಗಿದೆ. ಲಸಿಕೆಗೆ ಒಂದು ವಾರ ಮೊದಲು ಒಂದು ಸಂದೇಶ, ಹಿಂದಿನ ದಿನ ಸಂಜೆ ಇನ್ನೊಂದು. ಒಂದು ವಾರ ಮೊದಲಿನದ್ದು ರಜೆ ಕೇಳಲು, ಊರಿಗೆ ಹೋಗುವುದಿದ್ದರೆ ಹೊಂದಿಸಿಕೊಳ್ಳಲು. ಹಿಂದಿನ ಸಂಜೆಯದ್ದು ಕಾರ್ಡ್ ಹುಡುಕಿ ಚೀಲಕ್ಕೆ ಹಾಕಿಕೊಳ್ಳಲು. ಬಾರದಿದ್ದರೆ ಮೂರು ದಿನ ಬಿಟ್ಟು ಮತ್ತೊಂದು ಸಂದೇಶ. ಹತ್ತು ದಿನವಾದರೂ ಬಾರದಿದ್ದರೆ ನರ್ಸ್ ತಾವೇ ಫೋನ್ ಮಾಡುತ್ತಾರೆ. ಅಲ್ಲಿಗೆ ನಿಲ್ಲಿಸುತ್ತಾರೆ, ದಿನಾ ಕಾಡುವುದಿಲ್ಲ.

ನೆನಪಿಸುವುದರಿಂದ ಎಷ್ಟು ಪ್ರಯೋಜನ ಎಂಬುದಕ್ಕೆ ಲೆಕ್ಕವೂ ಇದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಯಂತೆ, ನೆನಪಿಸಿ ಕರೆದಾಗ ಲಸಿಕೆ ಹಾಕಿಸಿಕೊಳ್ಳುವವರು ಸರಾಸರಿ ನೂರಕ್ಕೆ ಎಂಟರಷ್ಟು ಹೆಚ್ಚುತ್ತಾರೆ. ಕ್ಲಿನಿಕ್ ದೂರವಿದ್ದರೆ, ದಿನಗೂಲಿ ತಪ್ಪುವುದಾದರೆ, ಹೋದಾಗ ಲಸಿಕೆ ಮುಗಿದಿದ್ದರೆ ಯಾವ ಸಂದೇಶವೂ ಅದನ್ನು ಸರಿಮಾಡಲಾರದು. ಮರೆವಿಗೆ ಮತ್ತು ಅಳುಕಿಗೆ ಮಾತ್ರ ಇದು ಮದ್ದು.

ಅಳುಕು ಎಂದೆ. ಮಾತಿನ ಧಾಟಿ ಮುಖ್ಯವಾಗುವುದು ಅಲ್ಲೇ. ತಡಮಾಡಿದ ತಾಯಿಗೆ ತಡವಾಗಿದೆ ಎಂದು ಗೊತ್ತಿರುತ್ತದೆ. ಹೋದರೆ ಎಲ್ಲರೆದುರು ಬೈಯುತ್ತಾರೇನೋ ಎಂಬ ಹೆದರಿಕೆಯಿಂದ ಇನ್ನೂ ಒಂದು ವಾರ ತಳ್ಳುತ್ತಾಳೆ, ವಾರ ಕಳೆದಷ್ಟೂ ಹೆದರಿಕೆ ಹೆಚ್ಚುತ್ತದೆ. ಆ ಸ್ಥಿತಿಯಲ್ಲಿ “ನಿಮ್ಮ ಮಗುವಿನ ಲಸಿಕೆ ಅವಧಿ ಮೀರಿದೆ, ತಕ್ಷಣ ಹಾಜರಾಗಿ” ಎಂದರೆ ಅದು ಕೋರ್ಟಿನ ನೋಟಿಸಿನ ಹಾಗೆ ಕೇಳಿಸುತ್ತದೆ. ಮೈಸೂರಿನ ಈ ಕ್ಲಿನಿಕ್ಕಿನವರು ಮೂರನೆಯ ಸಂದೇಶವನ್ನು ಹೀಗೆ ಬರೆದುಕೊಂಡಿದ್ದಾರೆ: “ಪಾಪು ಹೇಗಿದೆ? ಈ ವಾರ ಬರಲಾಗಲಿಲ್ಲ ಅನಿಸುತ್ತದೆ. ಚಿಂತೆ ಬೇಡ, ಮೊದಲಿನಿಂದ ಶುರುಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸೋಣ. ಬೇರೆ ಕಡೆ ಹಾಕಿಸಿದ್ದರೆ ಒಂದು ಫೋನ್ ಮಾಡಿ ತಿಳಿಸಿ.” ಸಮಾಧಾನ ಹೇಳಲೆಂದು ಸೇರಿಸಿದ ಸುಳ್ಳು ಇದರಲ್ಲಿ ಒಂದೂ ಇಲ್ಲ. ಬಿಟ್ಟಲ್ಲಿಂದ ಮುಂದುವರಿಸಬಹುದು ಎಂಬುದು ವೈದ್ಯಶಾಸ್ತ್ರದ ಮಾತು, ಅದನ್ನೇ ತಾಯಿಗೆ ಧೈರ್ಯ ಬರುವ ಹಾಗೆ ಹೇಳಿದ್ದಾರೆ. ಕೊನೆಯ ವಾಕ್ಯವೂ ಉಪಯೋಗದ್ದೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಅಂಗನವಾಡಿಯಲ್ಲೋ ಲಸಿಕೆ ಹಾಕಿಸಿಕೊಂಡ ಮಗುವಿಗೆ ಮತ್ತೆ ಮತ್ತೆ “ಬಾಕಿ ಇದೆ” ಎಂದು ಕಳಿಸಿದರೆ ಆ ಮನೆಯವರು ಓದುವುದನ್ನೇ ಬಿಡುತ್ತಾರೆ.

ಇಷ್ಟು ಮಾತನ್ನು ಕನ್ನಡದಲ್ಲಿ ಕಳಿಸುವುದಕ್ಕೆ ಒಂದು ತೊಡಕಿದೆ. ಎಸ್‌ಎಂಎಸ್ ಒಂದರಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತದೆ, ಕನ್ನಡದ್ದು 70 ಮಾತ್ರ. ಅದೂ ನಾವು ಎಣಿಸುವ ಹಾಗಲ್ಲ. ‘ಲಸಿಕೆ’ ನಮಗೆ ಮೂರಕ್ಷರ. ಫೋನಿಗೆ ಲ, ಸ, ಗುಡಿಸು, ಕ, ಎತ್ವ ಎಂದು ಐದು. “ನಮಸ್ಕಾರ. ನಿಮ್ಮ ಮಗುವಿನ 10 ವಾರದ ಲಸಿಕೆ 19/03 ಬುಧವಾರ. ಕಾರ್ಡ್ ತನ್ನಿ.” ಇಷ್ಟಕ್ಕೇ 63 ಆಯಿತು. ಕ್ಲಿನಿಕ್ಕಿನ ಹೆಸರು ಮತ್ತು ಫೋನ್ ನಂಬರ್ ಸೇರಿಸಿದರೆ ಎರಡು ಸಂದೇಶದ ಖರ್ಚು. ಇದರ ಮೇಲೆ ಟ್ರಾಯ್ ನಿಯಮದಂತೆ ಸಂಸ್ಥೆಗಳು ಕಳಿಸುವ ಎಸ್‌ಎಂಎಸ್‌ನ ನಮೂನೆಯನ್ನು ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆಯಬೇಕು. ತಾರೀಖು, ಹೆಸರು ಬರುವ ಜಾಗವನ್ನು ಖಾಲಿ ಬಿಟ್ಟು, ಉಳಿದ ಮಾತೆಲ್ಲ ಒಪ್ಪಿಸಿದಂತೆಯೇ ಹೋಗಬೇಕು. ಸಾಫ್ಟ್‌ವೇರ್ ಹಾಕಿಕೊಟ್ಟವರು ಯಾವತ್ತೋ ಅವಸರದಲ್ಲಿ ಬರೆದ ಇಂಗ್ಲಿಷ್ ವಾಕ್ಯ ವರ್ಷಗಟ್ಟಲೆ ಹಾಗೇ ಹೋಗುತ್ತಿರುವುದು ಇದರಿಂದಲೇ. ದೊಡ್ಡಪ್ಪನ ಫೋನಿಗೆ ಬಂದದ್ದೂ ಅಂಥದ್ದೇ ಇರಬೇಕು. ಒಂದು ಸಂದೇಶದ ದುಡ್ಡು ಉಳಿಸಲು ಅಜ್ಜಂದಿರಿಗೆ ಓದಲಾಗದ ಭಾಷೆಯಲ್ಲಿ ಕಳಿಸುವುದು ನನಗೆ ಉಳಿತಾಯವಾಗಿ ಕಾಣುವುದಿಲ್ಲ.

ಬಾಣಂತನದ ವಿಷಯಕ್ಕೆ ಈ ಕ್ಲಿನಿಕ್ಕಿನವರು ಕಂಡುಕೊಂಡ ದಾರಿ ನನಗೆ ತುಂಬ ಹಿಡಿಸಿತು. ನಮ್ಮಲ್ಲಿ ಅದೆಷ್ಟೋ ಮಕ್ಕಳ ಮೊದಲ ಮೂರು ಲಸಿಕೆ ತಾಯಿಯ ತವರಿನಲ್ಲಿ, ಒಂಬತ್ತು ತಿಂಗಳಿನದ್ದು ಅಪ್ಪನ ಊರಿನಲ್ಲಿ. ಹದಿನಾಲ್ಕು ವಾರದಿಂದ ಒಂಬತ್ತು ತಿಂಗಳವರೆಗಿನ ಆ ಉದ್ದನೆಯ ಬಿಡುವಿನಲ್ಲೇ ಊರು ಬದಲಾಗುತ್ತದೆ. ಅದಕ್ಕೆ ಹೊಸ ಮಗು ಬಂದ ದಿನವೇ ನರ್ಸ್ ಕೇಳುತ್ತಾರೆ: “ಅಮ್ಮ, ಯಾವ ತಿಂಗಳಿಗೆ ಗಂಡನ ಮನೆಗೆ ಹೋಗ್ತೀರಿ? ಅಲ್ಲಿ ಯಾರ ಫೋನಿಗೆ ಮಾಡ್ಲಿ?” ಚೀಟಿಯಲ್ಲಿ ಎರಡು ನಂಬರ್ ಬರೆದು, ಯಾವುದು ಯಾವಾಗಿನಿಂದ ಎಂದು ಪಕ್ಕದಲ್ಲೇ ಗುರುತು ಮಾಡುತ್ತಾರೆ. ಮಗು ತಮ್ಮ ಕ್ಲಿನಿಕ್ಕಿಗೆ ಮತ್ತೆ ಬರುವುದಿಲ್ಲ ಎಂದು ಗೊತ್ತಿದ್ದರೂ ಒಂಬತ್ತು ತಿಂಗಳಿಗೆ ಸಂದೇಶ ಕಳಿಸುತ್ತಾರೆ, “ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಹಾಕಿಸಿ” ಎಂದು. ಹುಟ್ಟಿದಾಗ ಇನ್ನೂ ಹೆಸರಿಡದ ಮಗುವಿಗೆ ತಾಯಿಯ ಹೆಸರಿನಲ್ಲಿ ಚೀಟಿ ಮಾಡಿರುತ್ತಾರಲ್ಲ, ನಾಮಕರಣದ ನಂತರ ಬಂದಾಗ ಹಳೆಯದನ್ನೇ ತಿದ್ದುತ್ತಾರೆ. ಹೊಸ ಚೀಟಿ ಮಾಡಿದರೆ ಒಂದೇ ಮಗು ಎರಡು ಮಗುವಾಗಿ, ಹಳೆಯ ಹೆಸರಿಗೆ ಬಾಕಿ ಸಂದೇಶ ಹೋಗುತ್ತಲೇ ಇರುತ್ತದೆ.

ಚೀಲದ ಕೆಳಗಿನ ಎರಡು ಜೇಬಿನ ಬಗ್ಗೆ ಕೇಳಿದೆ. ಒಂದರಲ್ಲಿ ಲಸಿಕೆಯೆಲ್ಲ ಮುಗಿದ ಮಕ್ಕಳ ಚೀಟಿ. ಇನ್ನೊಂದಕ್ಕೆ ನರ್ಸ್ ತಕ್ಷಣ ಉತ್ತರ ಕೊಡಲಿಲ್ಲ. ಅದರಲ್ಲಿ ಮೂರೋ ನಾಲ್ಕೋ ಚೀಟಿ ಇದ್ದವು. ಆ ಮಕ್ಕಳು ತೀರಿಕೊಂಡಿದ್ದಾರೆ. ಕೆಲವು ವರ್ಷದ ಹಿಂದೆ ಅಂಥ ಒಂದು ಮನೆಗೆ “ನಿಮ್ಮ ಮಗುವಿಗೆ ಒಂಬತ್ತು ತಿಂಗಳು ತುಂಬಿತು, ಶುಭಾಶಯ” ಎಂಬ ಸಂದೇಶ ಹೋಗಿಬಿಟ್ಟಿತ್ತಂತೆ. ತಂದೆ ಫೋನ್ ಮಾಡಿ, ಬೈಯಲಿಲ್ಲ, “ಇನ್ನು ಕಳಿಸಬೇಡಿ ಮೇಡಂ” ಎಂದಷ್ಟೇ ಹೇಳಿದರಂತೆ. ಅಂದಿನಿಂದ ಎರಡು ಬದಲಾವಣೆ ಮಾಡಿಕೊಂಡರು. ಸಂದೇಶದಲ್ಲಿ ಶುಭಾಶಯ, ಹುಟ್ಟುಹಬ್ಬ ಯಾವುದೂ ಇಲ್ಲ. ಇಂಥ ಸುದ್ದಿ ಯಾರ ಕಿವಿಗೆ ಬಿದ್ದರೂ, ಆಯಾ ಆಗಲಿ, ಔಷಧಿ ಅಂಗಡಿಯವನಾಗಲಿ, ಅವತ್ತೇ ನರ್ಸಿಗೆ ಹೇಳಬೇಕು. ನರ್ಸ್ ಮೊದಲು ಕಂಪ್ಯೂಟರಿನಲ್ಲಿ ಆ ಹೆಸರಿನ ಸಂದೇಶಗಳನ್ನೆಲ್ಲ ನಿಲ್ಲಿಸಿ, ಆಮೇಲೆ ಚೀಟಿಯನ್ನು ಆ ಜೇಬಿಗೆ ಹಾಕುತ್ತಾರೆ.

ಡಿಸೆಂಬರ್ 10ರಂದು ನಮ್ಮ ಮಗುವಿಗೆ ದಡಾರ-ರುಬೆಲ್ಲಾ ಲಸಿಕೆ ಆಯಿತು. ಅಕ್ಕ ಒಳಗೆ ಬರುವಾಗಲೇ “ಲೇಟಾಗಿಬಿಡ್ತು ಮೇಡಂ” ಎಂದಿದ್ದಳು. ನರ್ಸ್ “ಬಂದ್ರಲ್ಲಮ್ಮ, ಕೂತ್ಕೊಳ್ಳಿ” ಎಂದು ಮಗುವಿನ ಕಾಲು ಹಿಡಿದುಕೊಳ್ಳುವುದು ಹೇಗೆಂದು ತೋರಿಸಿಕೊಟ್ಟರು. ಮಗು ಅತ್ತು, ಸುಮ್ಮನಾಗಿ, ಗೋಡೆಯ ಚೀಲದ ಕಡೆಗೆ ಕೈ ಚಾಚುತ್ತಿತ್ತು. ಹದಿನೈದು ತಿಂಗಳು ತುಂಬುವುದು ಏಪ್ರಿಲ್ 8ಕ್ಕೆ ಎಂದು ಬೆರಳು ಮಡಿಸಿ ಎಣಿಸಿ, ಇವತ್ತಿನ ಡೋಸ್‌ನಿಂದ ನಾಲ್ಕು ವಾರ ದಾಟುತ್ತದೆಯೇ ಎಂದು ಇನ್ನೊಮ್ಮೆ ನೋಡಿ, ನರ್ಸ್ ಚೀಟಿಯಲ್ಲಿ ಆ ತಾರೀಖು ಬರೆದರು. ದೊಡ್ಡಪ್ಪನ ನಂಬರನ್ನು ಅಳಿಸಲಿಲ್ಲ, ಅದರ ಮೇಲೆ ಭಾವನ ನಂಬರ್ ಬರೆದು, ‘ಕನ್ನಡ’ ಎಂದು ಸೇರಿಸಿ, ಚೀಟಿಯನ್ನು ಏಪ್ರಿಲ್ ಜೇಬಿಗೆ ಇಳಿಸಿದರು.